ಧನುಶ್ರೀ ಕೈಲಿದ್ದ ಚದರಡಿ

ಪಿಲ್ಲಗುಂಪೆಯಲ್ಲಿ ನಮ್ಮ ಕಂಪನಿ ಕಟ್ಟುತ್ತಿದ್ದ ಫ್ಯಾಕ್ಟರಿಗೆ ಒಬ್ಬ ಸೈಟ್ ಇಂಜಿನಿಯರ್ ಬೇಕಿತ್ತು. ಜಾಹೀರಾತಿನಲ್ಲಿ ಕೇಳಿದ್ದು ಮೂರೇ: ಎರಡು ವರ್ಷ ಸೈಟ್ ನೋಡಿಕೊಂಡಿರಬೇಕು, ಆಟೋಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡಲು ಬರಬೇಕು, ಇಪ್ಪತ್ತು ಸಾವಿರ ಚದರಡಿಗೆ ಕಮ್ಮಿಯಿಲ್ಲದ ಕಟ್ಟಡದಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ಇರಬೇಕು. ಬಂದ ಅರ್ಜಿಗಳನ್ನು ಸೋಸುವ ಕೆಲಸ ಇಂಟರ್ನ್ ಆಗಿದ್ದ ನನ್ನ ತಲೆಗೆ ಬಿತ್ತು.

ಕೊನೆಗೆ ಎರಡು ರೆಸ್ಯೂಮೆ ಉಳಿದವು. ಮೋಕ್ಷಿತ್‌ನದು ಮೂರು ಬಣ್ಣದಲ್ಲಿ ಮಿನುಗುತ್ತಿತ್ತು: ಮೂರು ಲಕ್ಷ ಚದರಡಿಯ ಅಪಾರ್ಟ್‌ಮೆಂಟು, ಐದು ಸಾಫ್ಟ್‌ವೇರು. ದೊಡ್ಡಬಳ್ಳಾಪುರದ ಧನುಶ್ರೀಯದು ಒಂದೇ ಪುಟ. ನೆಲಮಹಡಿಯ ಮೇಲೆ ಎರಡು ಮಹಡಿಯ ಕಲ್ಯಾಣ ಮಂಟಪ, ಎರಡು ವರ್ಷ ಮೇಲ್ವಿಚಾರಣೆ, ಆಟೋಕ್ಯಾಡ್. ಕಟ್ಟಡ ಎಷ್ಟು ದೊಡ್ಡದು ಅಂತಲೇ ಬರೆದಿರಲಿಲ್ಲ. ಮಂಟಪ ಮುಗಿದ ಮೇಲೆ ಕೆಲಸವಿಲ್ಲದೆ ಮನೆಯಲ್ಲಿದ್ದೇನೆ ಅಂತ ಮೇಲ್‌ನಲ್ಲಿ ಬರೆದಿದ್ದಳು. ಯಾಕೋ ಇವಳಿಗೇ ಸಿಗಲಿ ಅನ್ನಿಸಿತು.

ಪ್ರಾಜೆಕ್ಟ್ ಮ್ಯಾನೇಜರ್ ಭಾನುಪ್ರಕಾಶ್ ಸರ್ ಮೋಕ್ಷಿತ್‌ನ ಪುಟ ತಿರುಗಿಸಿದರು.

"ಏನಮ್ಮಾ ನವ್ಯಶ್ರೀ, ಮೂರ್ ಲಕ್ಷ ಅಡಿಗೆ ಹತ್ತಾರು ಜನ ಇಂಜಿನಿಯರ್ ಇರ್ತಾರೆ. ಇವನ ಕೈಲಿ ಎಷ್ಟಿತ್ತು?"

"ಬರ್ದಿಲ್ಲ ಸರ್."

"ಕೇಳು ಮತ್ತೆ."

ಫೋನ್ ಮಾಡಿದೆ. ಮೊದಲು "ಆಲ್ಮೋಸ್ಟ್ ಎಲ್ಲಾ ನಾನೇ" ಅಂದ. ಯಾವ ಯಾವ ಮೋಲ್ಡ್ ಹಾಕಿಸಿದ್ದು ಅಂದರೆ ದನಿ ಇಳಿಯಿತು. ಅವನು ಸೇರುವಷ್ಟರಲ್ಲಿ ಛಾವಣಿಗೆಲ್ಲ ಕಾಂಕ್ರೀಟ್ ಬಿದ್ದಾಗಿತ್ತಂತೆ. ಅವನು ನೋಡಿದ್ದು ಪ್ಲಾಸ್ಟರಿಂಗು, ಟೈಲ್ಸು.

"ಪಾಪ, ರೆಸ್ಯೂಮೆಲಿರೋದು ಸುಳ್ಳೇನಲ್ಲ, ಆದ್ರೆ ನಮ್ದಿನ್ನೂ ಪಾಯ, ಕಂಬಿ-ಕಾಂಕ್ರೀಟ್ ನೋಡಿರೋರು ಬೇಕು," ಅಂದರು ಸರ್. "ಫಿನಿಶಿಂಗ್ ಟೈಮ್‌ಗೆ ಇವನ್ನೇ ಕರಿಯೋಣ. ಇನ್ನೊಂದು?"

ಧನುಶ್ರೀ ಮೇಲ್ ಜೊತೆ ಒಂದು ಡ್ರಾಯಿಂಗ್ ಕಳಿಸಿದ್ದಳು. ಕಟ್ಟಡ ಮುಗಿದ ಮೇಲೆ ಇದ್ದದ್ದು ಇದ್ದ ಹಾಗೆ ಅಳೆದು ಬರೆದದ್ದು. ಮೂಲೆಯಲ್ಲಿ ಅವಳ ಹೆಸರು. ಉದ್ದ ನೂರಿಪ್ಪತ್ತು ಅಡಿ, ಅಗಲ ಅರವತ್ತು. ಮೊಬೈಲ್‌ನಲ್ಲಿ ಗುಣಿಸಿದೆ.

"ಸರ್! ಮೂರು ಫ್ಲೋರು ಸೇರಿ ಇಪ್ಪತ್ತೊಂದು ಸಾವಿರದ ಆರುನೂರು! ಪಾಸ್!"

"ಕುಣಿಬೇಡ. ಡ್ರಾಯಿಂಗ್ ಮಾಡಿದ್ದು ಗೊತ್ತಾಯ್ತು. ಸೈಟಲ್ಲಿ ನಿಂತಿದ್ದು?"

ಅವಳಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಆ ಕಡೆಯಿಂದ ಬರೀ ಮಗ್ಗದ ಸದ್ದು.

"ಒಂದ್ನಿಮಿಷ ಮೇಡಂ, ಆಚೆ ಬರ್ತೀನಿ!" ಅಂತ ಕಿರುಚಿದಳು.

ನನ್ನನ್ನು ಜೀವನದಲ್ಲಿ ಯಾರೂ ಮೇಡಂ ಅಂದಿರಲಿಲ್ಲ.

ಸರ್ ಡ್ರಾಯಿಂಗ್ ಮೇಲೆ ಬೆರಳಿಟ್ಟರು. "ಸೆಕೆಂಡ್ ಫ್ಲೋರ್ ಸ್ಲ್ಯಾಬ್‌ನಲ್ಲಿ ಪೈಪ್‌ಗೆ ಬಿಟ್ಟಿರೋ ತೂತು ಜಾಗ ಬದಲಾಗಿದೆ ಅಂತ ಬರ್ದಿದೀರಲ್ಲ, ಯಾಕಮ್ಮಾ?"

"ಮೊದಲಿದ್ದ ಜಾಗದಲ್ಲಿ ಪೈಪು ಸೀದಾ ಬೀಮ್ ಮೇಲೇ ಬರ್ತಿತ್ತು ಸರ್. ಮೋಲ್ಡ್‌ಗೆ ಮುಂಚೆ ಕಂಬಿ ಚೆಕ್ ಮಾಡೋವಾಗ ಕಾಣಿಸ್ತು. ಮೇಸ್ತ್ರಿ 'ಬೀಮನ್ನೇ ಕೊರೆಯೋಣ ಬಿಡಮ್ಮ' ಅಂದ್ರು. ನಾನು ಬಿಡ್ಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡ್ದೆ. ಅವ್ರು ಒಪ್ಪಿದ್ಮೇಲೆ ಪಕ್ಕಕ್ಕೆ ಸರಿಸಿದ್ವಿ."

"ಮೇಸ್ತ್ರಿ ಬೈದಿರ್ಬೇಕು."

"ಎರಡು ದಿನ ಮಾತಾಡ್ಲಿಲ್ಲ ಸರ್."

ಸರ್ ನಕ್ಕರು. ನನ್ನ ಕಡೆ ತಿರುಗಿ, "ಬರ್ಕೋ. ಇಪ್ಪತ್ತೊಂದು ಸಾವಿರದ ಆರುನೂರು," ಅಂದರು.

"ಸರ್, ನಂದು ಅಷ್ಟಿಲ್ಲ," ಅಂದಳು ಫೋನಿನಲ್ಲಿ. "ಗ್ರೌಂಡ್ ಫ್ಲೋರ್ ಸ್ಲ್ಯಾಬ್‌ವರೆಗೂ ವಸಂತ್ ಅಂತ ಇದ್ರು, ಅವ್ರು ಮಾಡ್ಸಿದ್ದು. ನಾನು ಆಮೇಲೆ ಸೇರಿದ್ದು. ನನ್ ಕೈಲಿದ್ದಿದ್ದು ಮೇಲಿನ ಎರಡೇ. ಅದಕ್ಕೇ ಎಷ್ಟು ಅಂತ ಹಾಕೋದು ಗೊತ್ತಾಗ್ದೆ ಬಿಟ್ಬಿಟ್ಟೆ."

ಹದಿನಾಲ್ಕು ಸಾವಿರದ ನಾನೂರು. ಅಯ್ಯೋ, ಸುಮ್ನಿರಬಾರದಿತ್ತಾ ಇವಳು! ಅವಳ ಹೆಸರಿನ ಮುಂದೆ ಹಾಕಿದ್ದ ಟಿಕ್ ಅನ್ನು ನಾನೇ ಅಳಿಸಬೇಕಾ ಅಂತ ಸರ್ ಮುಖ ನೋಡಿದೆ.

ಸರ್ ಜಾಹೀರಾತನ್ನು ಎಳೆದುಕೊಂಡು ಇನ್ನೊಮ್ಮೆ ಓದಿದರು.

"ಇಪ್ಪತ್ತು ಸಾವಿರ ಅಡಿ ಕಟ್ಟಡದಲ್ಲಿ ಕೆಲಸ ಮಾಡಿರ್ಬೇಕು ಅಂತ ಕೇಳಿದೀವಿ. ಮಂಟಪ ಅದಕ್ಕಿಂತ ದೊಡ್ಡದೇ. ಅದ್ರಲ್ಲಿ ಇವಳ ಪಾಲೆಷ್ಟು ಅನ್ನೋದು ಬೇರೆ ಲೆಕ್ಕ. ನವ್ಯಶ್ರೀ, ಎರಡು ಕಾಲಂ ಮಾಡು. ಕಟ್ಟಡ ಎಷ್ಟು, ಕೈಲಿದ್ದಿದ್ದು ಎಷ್ಟು. ಮೋಕ್ಷಿತ್‌ಗೂ ಅದೇ ಅಳತೆ." ಆಮೇಲೆ ಫೋನಿಗೆ, "ಪುರಾವೆ ಏನಿದೆಯಮ್ಮಾ?"

"ಪ್ರತಿ ಮೋಲ್ಡ್‌ಗೂ ಮುಂಚೆ ನಾನೂ ಆ ಸ್ಟ್ರಕ್ಚರಲ್ ಇಂಜಿನಿಯರೂ ಸಹಿ ಹಾಕಿರೋ ಚೆಕ್‌ಲಿಸ್ಟ್ ಕಾಪಿ ಇದೆ ಸರ್. ಅವರ ನಂಬರ್ರೂ ಕೊಡ್ತೀನಿ. ವಸಂತ್ ಅವರದ್ದೂ ಕೊಡ್ಲಾ?"

"ಇಬ್ಬರದ್ದೂ ಕಳ್ಸಿ. ಸೋಮವಾರ ಸೈಟಿಗೆ ಬನ್ನಿ. ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಕೂತು ಒಂದು ಡ್ರಾಯಿಂಗ್ ತಿದ್ಬೇಕು, ಆಮೇಲೆ ಪಾಯದಲ್ಲಿ ಕಂಬಿ ನೋಡಿ ತಪ್ಪೇನಿದೆ ಹೇಳ್ಬೇಕು. ಅದಾದ್ಮೇಲೆ ನಾನು ಹೇಳ್ತೀನಿ."



"ಸರ್, ಹದಿನಾಲ್ಕು ಸಾವಿರ ಅಂದ್ರೂನಾ?"

"ಅಷ್ಟು ಅಂದಿದ್ದಕ್ಕೇ ಬೇರೆದನ್ನೂ ನಂಬ್ತಿದೀನಿ ಕಣಮ್ಮಾ."

"ಸೇಫ್ಟಿ ಶೂ ನಂದೇ ಇದೆ ಸರ್, ಹಾಕ್ಕೊಂಡೇ ಬರ್ತೀನಿ," ಅಂದಳು, ಇಟ್ಟುಬಿಟ್ಟಳು. ಎಷ್ಟು ಗಂಟೆಗೆ ಅಂತ ಕೇಳಲೇ ಇಲ್ಲ. ನಾನೇ ಮತ್ತೆ ಫೋನ್ ಮಾಡಬೇಕಾಯಿತು.