ಕೊನೆಯ ಮೆಟ್ಟಿಲು

ಹಬೀಬಾ ನಮ್ಮ ಆಫೀಸಿಗೆ ಸೇರಿದ ಹೊಸತರಲ್ಲಿ ಎಲ್ಲ ಇಮೇಲ್‌ಗಳ ಕೊನೆಗೂ 'ರಿಗಾರ್ಡ್ಸ್' ಹಾಕುತ್ತಿದ್ದಳು. ಹಡಗಿನ ಏಜೆಂಟಿಗೂ ಅದೇ, ಮೂವತ್ತು ವರ್ಷದಿಂದ ನಮ್ಮ ಗೇರುಬೀಜ ಕೊಳ್ಳುವ ರಾಟರ್‌ಡ್ಯಾಮಿನ ಪೀಟರ್‌ಗೂ ಅದೇ.

"ಅದು ಬಸ್ಸಿನ ಕಿಟಕಿಯಿಂದ ಕೈ ಬೀಸಿದ ಹಾಗೆ," ಎಂದೆ. "ಯಾರಿಗೆ ಬೀಸಿದ್ದು ಅಂತ ಬೀಸಿದವನಿಗೂ ಗೊತ್ತಿರುವುದಿಲ್ಲ."

"ಮತ್ತೆ 'ಸಿನ್ಸಿಯರ್ಲಿ' ಹಾಕ್ಲಾ ಸರ್?"

ಆ ಮಾತಿಗೆ ನನಗೆ ಪೂವಪ್ಪ ಮಾಸ್ಟರು ನೆನಪಾದರು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಹಂಪನಕಟ್ಟೆಯ ಟೈಪಿಂಗ್ ಕ್ಲಾಸಿನಲ್ಲಿ ನಾನೂ ಗೆಳೆಯ ವಿಲ್ಲಿಯೂ ಒಂದೇ ಬೆಂಚು. ಮೂಗಿನಲ್ಲೇ ಮಾತಾಡುವ ಮಾಸ್ಟರು. "ಹೆಸರು ಗೊತ್ತಿಲ್ಲದವನಿಗೆ ಫೇತ್‌ಫುಲ್ಲೀ! ಹೆಸರು ಗೊತ್ತಿದ್ದವನಿಗೆ ಸಿನ್ಸಿಯರ್ಲೀ!" ನಾನು ಅವರ ಹಾಗೇ ಹೇಳಿ ತೋರಿಸಿದರೆ ವಿಲ್ಲಿ ನಕ್ಕು ಬೆಂಚಿನಿಂದ ಜಾರುತ್ತಿದ್ದ. ಮುಂದೆ ಇಬ್ಬರೂ ಸೇರಿ ಈ ಕಂಪೆನಿ ಕಟ್ಟಿದೆವು. ಗಾಡಿಯ ಗೇರು ಬದಲಿಸದೆಯೇ ಗೇರುಬೀಜದಲ್ಲಿ ಓಡಿದವರು.

ಅವತ್ತೇ ಹಬೀಬಾಳಿಗೊಂದು ಪಟ್ಟಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದೆ, ಏಣಿಯ ಹಾಗೆ, ಕೆಳಗಿನಿಂದ ಮೇಲಕ್ಕೆ. ಪರಿಚಯವೇ ಇಲ್ಲದವರಿಗೆ 'ಥ್ಯಾಂಕ್ ಯೂ ಫಾರ್ ಯುವರ್ ಟೈಮ್'. ಎರಡು ಮೂರು ಪತ್ರ ಬರೆದವರಿಗೆ 'ನಿಮ್ಮ ಉತ್ತರದ ನಿರೀಕ್ಷೆಯಲ್ಲಿ'. ವರ್ಷಗಟ್ಟಲೆ ವ್ಯಾಪಾರ ಇದ್ದವರಿಗೆ 'ಬೆಸ್ಟ್ ವಿಶಸ್'. ಅವರ ಮನೆಯಲ್ಲಿ ಉಂಡಿದ್ದರೆ ಮಾತ್ರ 'ಮತ್ತೆ ಸಿಗುವ, ಮನೆಯವರಿಗೆ ಪ್ರೀತಿ'. ತೀರಾ ಮೇಲೆ, ಬರೀ ಹೆಸರು. ನಾನೂ ವಿಲ್ಲಿಯೂ ಬರೆಯುವುದು ಹಾಗೆ: ಅವನು 'ವಿ', ನಾನು 'ಜೊ'.

ಪಟ್ಟಿ ನೋಡಿ ವಿಲ್ಲಿ ಹೇಳಿದ್ದ, "ಜೊಕಿಮ್, ನೀನು ಸತ್ತರೆ ಇದನ್ನೇ ಕಲ್ಲಿಗೆ ಕೆತ್ತಿಸುತ್ತೇನೆ ಮಾರಾಯ."

ಕಳೆದ ಸೋಮವಾರ ಹಬೀಬಾ ಕರೆದಳು. "ಸರ್, ಪೀಟರ್ ಇವತ್ತು ಒಂದು ಮೆಟ್ಟಿಲು ಮೇಲೆ ಹತ್ತಿದ್ದಾರೆ."

ನಾನು ಬಗ್ಗಿ ನೋಡಿದೆ. ಮಾಮೂಲಿ 'ಬೆಸ್ಟ್ ವಿಶಸ್' ಇರಬೇಕಾದ ಕಡೆ ಇಂಗ್ಲಿಷಿನಲ್ಲಿ ಬೇರೆಯೇ ಇತ್ತು: ಕ್ರಿಸ್‌ಮಸ್‌ಗೆ ಸಿಗುವ, ಜೂಲಿಗೆ ಪ್ರೀತಿ.

ಜೂಲಿ ವಿಲ್ಲಿಯ ಹೆಂಡತಿ. ಪೀಟರ್ ಅವಳನ್ನು ನೋಡಿದ್ದೆಲ್ಲಿ?

"ಕೆಳಗೆ ಇನ್ನೂ ಉಂಟು ಸರ್," ಎಂದಳು ಹಬೀಬಾ, ದನಿ ತಗ್ಗಿಸಿ.

ಉತ್ತರದ ಅಡಿಯಲ್ಲಿ, ಇಮೇಲ್‌ಗಳಲ್ಲಿ ಇರುವ ಹಾಗೆ, ಹಿಂದಿನ ಪತ್ರವೂ ಅಂಟಿಕೊಂಡಿತ್ತು. ವಿಲ್ಲಿ ತನ್ನ ಸ್ವಂತ ವಿಳಾಸದಿಂದ ಬರೆದದ್ದು. ಪೀಟರ್ ಅದಕ್ಕೆ ಉತ್ತರ ಬರೆದು, ಕೈಯ ಅಭ್ಯಾಸದಲ್ಲಿ ಆಫೀಸಿಗೆ ಕಳುಹಿಸಿಬಿಟ್ಟಿದ್ದ. ವಿಲ್ಲಿಯ ಪತ್ರದಲ್ಲಿ ಇದ್ದದ್ದು ಇಷ್ಟು: ಜನವರಿಯಿಂದ ಮಾಲು ತನ್ನ ಹೊಸ ಕಂಪೆನಿಯಿಂದ. ಗೋದಾಮು ಕಾವೂರಿನಲ್ಲಿ. ಜೊಕಿಮ್‌ಗೆ ಈಗಲೇ ತಿಳಿಯುವುದು ಬೇಡ.

ಮಧ್ಯಾಹ್ನ ವಿಲ್ಲಿ ಬಂದು ಕುಳಿತ. ನಾನು ಏನೂ ತೋರಿಸಿಕೊಳ್ಳಲಿಲ್ಲ.

"ಪೀಟರ್‌ಗೆ ಒಂದು ಪತ್ರ ಹೋಗಬೇಕು. ಕೊನೆಗೆ ಎಂತ ಹಾಕುವ? 'ಮನೆಯವರಿಗೆ ಪ್ರೀತಿ' ಹಾಕಲಾ?"

"ಛೆ, ಅವನ ಮನೆಗೆ ನಾವು ಹೋದದ್ದು ಉಂಟಾ? 'ಬೆಸ್ಟ್ ವಿಶಸ್' ಸಾಕು." ಅವನು ಮೂಗಿನಲ್ಲಿ ಸೇರಿಸಿದ, "ಪರಿಚಯಕ್ಕೆ ತಕ್ಕಷ್ಟೇ ಬಾಗಬೇಕೂ!"

ಪೂವಪ್ಪ ಮಾಸ್ಟರ ದನಿ. ನಲುವತ್ತು ವರ್ಷದಲ್ಲಿ ಅವನು ಅದನ್ನು ನನಗಿಂತ ಚೆನ್ನಾಗಿ ಕಲಿತಿದ್ದ.

ನಾನು ಪರದೆಯನ್ನು ಅವನ ಕಡೆ ತಿರುಗಿಸಿದೆ. ಅವನು ಓದಿದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಓದಿದ.

"ಹೇಳಬೇಕು ಅಂತಲೇ ಇದ್ದೆ ಜೊ."

"ಯಾವಾಗ? ಕ್ರಿಸ್‌ಮಸ್ ಊಟ ಆದ ಮೇಲಾ?"

ಅವನು ಕೊಡೆ ತೆಗೆದುಕೊಂಡು ಇಳಿದು ಹೋದ. ಬೈದಿದ್ದರೂ ನನಗೆ ಹಗುರ ಆಗುತ್ತಿತ್ತು.

ಮಾರನೆಯ ದಿನ ಅವನ ಇಮೇಲ್ ಬಂತು, ಹೊಸ ಕಂಪೆನಿಯ ಹೆಸರಿನಲ್ಲಿ. ಪಾಲುದಾರಿಕೆ ಮುಗಿಸುವ ಬಗ್ಗೆ ನಾಲ್ಕು ಸಾಲು. ವಕೀಲರನ್ನು ನೋಡಬೇಕಂತೆ. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಕೊನೆಯ ಸಾಲು: ಥ್ಯಾಂಕ್ ಯೂ ಫಾರ್ ಯುವರ್ ಟೈಮ್.

ನನ್ನ ಕೈಬರಹದ ಪಟ್ಟಿ ಪಕ್ಕದಲ್ಲೇ ಇತ್ತು. ತೀರಾ ಕೆಳಗಿನ ಮೆಟ್ಟಿಲು.

"ಉತ್ತರ ಬರೆಯುವ," ಎಂದೆ. "ಪತ್ರ ಸಿಕ್ಕಿತು, ವಕೀಲರನ್ನು ಕಾಣುತ್ತೇನೆ. ಅಷ್ಟೇ."

ಹಬೀಬಾ ಟೈಪು ಮಾಡಿ ನಿಲ್ಲಿಸಿದಳು. "ಕೊನೆಗೆ ಎಂತ ಹಾಕುವುದು ಸರ್?"

"ಎಂತದೂ ಬೇಡ. ಹೆಸರು ಮಾತ್ರ."

ಅವಳು ಪಟ್ಟಿ ನೋಡಿದಳು, ನನ್ನನ್ನು ನೋಡಿದಳು. "ಸರ್... ಅದು ಮೇಲಿನ ಮೆಟ್ಟಿಲಲ್ವಾ?"

ಹೌದಲ್ಲ. ಪರದೆಯಲ್ಲಿ ಅವಳು ಅಭ್ಯಾಸಬಲದಿಂದ 'ಜೊ' ಅಂತ ಒತ್ತಿಯೂ ಆಗಿತ್ತು.

"ಅಳಿಸು," ಎಂದೆ. "ಪೂರ್ತಿ ಹೆಸರು ಹಾಕು. ಜೊಕಿಮ್ ಡಿಮೆಲ್ಲೊ. ಕೆಳಗೆ ಆಫೀಸಿನ ವಿಳಾಸ, ಫೋನ್ ನಂಬರ್. ಹೊಸ ಪರಿಚಯ, ಅವರಿಗೆ ಬೇಕಾಗಬಹುದು."