ಕೌಂಟರಿನ ಮೇಲಿನ ಕಪ್ಪು ಲೆಗ್ಗಿಂಗ್ಸ್

ಆ ಬೀದಿಯಲ್ಲಿ ಅವಳಿಗಿದ್ದ ಹೆಸರು ‘ಎಳೆಯೋ ಅಕ್ಕ’. ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರಾದರೂ ಅವಳ ಕಿವಿಗೆ ಅದು ಬಿರುದಿನಂತೆಯೇ ಕೇಳಿಸುತ್ತಿತ್ತು. ಅವಳ ಪುಟ್ಟ ಅಂಗಡಿಯಲ್ಲಿ ಲೆಗ್ಗಿಂಗ್ಸ್ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನೂ ಎಳೆದು ನೋಡದೆ ಯಾರಿಗೂ ಕೊಡುತ್ತಿರಲಿಲ್ಲ.

ಅವಳ ಪರೀಕ್ಷೆಗಳು ಎರಡು. ಮೊದಲು ಬಟ್ಟೆಯೊಳಗೆ ಮುಷ್ಟಿ ತೂರಿಸಿ, ಬಾಗಿಲ ಬೆಳಕಿಗೆ ಹಿಡಿದು ಬಿಗಿಯಾಗಿ ಹಿಗ್ಗಿಸುವಳು. ಗೆಣ್ಣೋ ಉಂಗುರವೋ ಕಂಡಿತೆಂದರೆ ಆ ಬಟ್ಟೆಯ ಕಥೆ ಅಲ್ಲಿಗೇ ಮುಗಿಯಿತು. ಕಾಣದಿದ್ದರೆ ಸೀಮೆಸುಣ್ಣದಿಂದ ಒಂದು ಗೇಣು ಅಂತರದಲ್ಲಿ ಎರಡು ಗೆರೆ ಹಾಕಿ, ಗೇಣನ್ನು ಒಂದೂವರೆ ಗೇಣಾಗುವಷ್ಟು ಎಳೆದು, ತುಸು ಹೊತ್ತು ಹಿಡಿದು ಬಿಡುವಳು. ಗೆರೆಗಳು ಮತ್ತೆ ಒಂದು ಗೇಣಿಗೆ ಬಂದು ನಿಂತರೆ ಸರಿ. ಬರದಿದ್ದರೆ, “ನಾಲ್ಕು ಸಲ ಕೂತು ಎದ್ರೆ ಮೊಣಕಾಲಲ್ಲಿ ಚೀಲ ಬೀಳತ್ತೆ ನೋಡಿ. ತರಕಾರಿ ಬೇಕಾದ್ರೆ ತುಂಬ್ಕೋಬಹುದು” ಎಂದು ಬದಿಗೆ ಎಸೆಯುವಳು. ಗಿರಾಕಿಗಳೂ ಎಳೆದು ನೋಡಲೆಂದು ಪ್ರತಿ ಬಗೆಯ ಬಟ್ಟೆಯದೂ ಒಂದೊಂದು ಸ್ಯಾಂಪಲ್ ಕೌಂಟರಿನ ಮೇಲೆ ಇರುತ್ತಿತ್ತು. “ಎಳೀರಿ, ಸಂಕೋಚ ಯಾಕೆ, ಜೋರಾಗೇ ಎಳೀರಿ!”

ಇಷ್ಟೆಲ್ಲ ಪ್ರತಾಪವಿದ್ದವಳ ಒಡಹುಟ್ಟಿದ ತಂಗಿ ಮಾತ್ರ ಒಂದು ವರ್ಷದಿಂದ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ತಂಗಿ ಹೆಂಗಸರಿಗೆ ವ್ಯಾಯಾಮ ಕಲಿಸುವವಳು. ಹೋದ ವರ್ಷ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದರಲ್ಲಿ ಹೂವಿನ ಲೆಗ್ಗಿಂಗ್ಸ್ ಕೊಂಡಿದ್ದಳು. ಬಿಳಿ ಬಟ್ಟೆಯ ಮೇಲೆ ಅಚ್ಚು ಹಾಕಿದ ಮಾಲು ಅದು. ತರಗತಿಯಲ್ಲಿ ಬಗ್ಗಿದಾಗ ಹೂಗಳೆಲ್ಲ ಹಿಗ್ಗಿ ಒಳಗಿನ ಬಿಳುಪು ಕಂಡಿತು; ಬಿಳುಪಿನಾಚೆಯದೂ ಕಂಡಿತು. ಹಿಂದಿನ ಸಾಲುಗಳು ಕಿಸಕ್ಕೆಂದವು. ಅಳುತ್ತ ಬಂದ ತಂಗಿಗೆ ಅಕ್ಕ ಹೇಳಿದ್ದು ಒಂದೇ ಮಾತು: “ನನ್ನ ಅಂಗಡಿ ಇರೋವಾಗ ಅಲ್ಲಿಗೆ ಹೋಗು ಅಂತ ಯಾರು ಹೇಳಿದ್ರು?” ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆ ಪ್ರಸಂಗವನ್ನು ಉಪ್ಪುಖಾರ ಹಚ್ಚಿ ಗಿರಾಕಿಗಳಿಗೂ ಬಡಿಸಿದಳು. ವ್ಯಾಪಾರಕ್ಕೆ ಒಳ್ಳೆಯ ಉದಾಹರಣೆ ನೋಡಿ!

ತಂಗಿ ಬರುವುದನ್ನು ನಿಲ್ಲಿಸಿದ ಮೇಲೆ ಅಕ್ಕನಿಗೆ ಅಂಗಡಿ ಬಿಕೋ ಎನ್ನತೊಡಗಿತು. ತಾನಾಗಿ ಹೋಗಿ ಮಾತಾಡಿಸೋಣವೆಂದರೆ ಮುಖವಿರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ತಂಗಿ ಬಾಗಿಲಲ್ಲಿ ನಿಂತಾಗ ಅವಳು ಒಳಗೊಳಗೇ ಹಿಗ್ಗಿದಳು. ಮುಖವನ್ನು ಮಾತ್ರ ಗಂಟಿಕ್ಕಿಕೊಂಡೇ ಕೇಳಿದಳು, “ಏನು ಬೇಕಿತ್ತು?”

“ಲೆಗ್ಗಿಂಗ್ಸ್. ಇಲ್ಲಿ ಇನ್ನೇನು ಸಿಗತ್ತೆ?” ಎಂದಳು ತಂಗಿ. “ನಾಳೆ ನಮ್ಮ ತರಗತಿ ನೋಡೋದಕ್ಕೆ ಎಲ್ಲರ ಮನೆಯವರೂ ಬರ್ತಾರೆ. ನಾನು ಅವರಿಗೆ ಬೆನ್ನು ಹಾಕಿ ವೇದಿಕೆ ಮೇಲೆ ನಿಲ್ಲಬೇಕು. ಈ ಸಲವೂ ಮಾನ ಹೋದ್ರೆ ಕೆಲಸ ಬಿಟ್ಟು ಮನೇಲಿ ಕೂರ್ತೀನಿ.”

ಅಕ್ಕ ಸೊಂಟ ಕಟ್ಟಿ ನಿಂತಳು. ಕೌಂಟರಿನ ಮೇಲೆ ಎರಡು ಕಪ್ಪು ಸ್ಯಾಂಪಲ್‌ಗಳಿದ್ದವು. ಒಂದು ನೈಲಾನಿಗೆ ಕಾಲುಭಾಗ ಲೈಕ್ರಾ ಎಂಬ ಹಿಗ್ಗುವ ನೂಲು ಸೇರಿಸಿ ಒತ್ತಾಗಿ ಹೆಣೆದದ್ದು. ಬಹಳ ದಿನದಿಂದ ಅಲ್ಲಿತ್ತು. ಇನ್ನೊಂದು ಹತ್ತಿಯದು, ಲೈಕ್ರಾ ನೆಪಕ್ಕೆ ಮಾತ್ರ. ಅಂದು ಬೆಳಿಗ್ಗೆಯಷ್ಟೇ ಪ್ಯಾಕೆಟ್ಟಿನಿಂದ ಹೊರಬಂದದ್ದು. ಅವಸರದಲ್ಲಿ ಮುಷ್ಟಿಯ ಪರೀಕ್ಷೆ ಬಿಟ್ಟು ನೇರವಾಗಿ ಗೆರೆ ಎಳೆದಳು, ಹಿಗ್ಗಿಸಿದಳು, ಬಿಟ್ಟಳು. ಹತ್ತಿಯದು ಹೆಚ್ಚುಕಮ್ಮಿ ತನ್ನ ಜಾಗಕ್ಕೆ ಬಂತು. ನೈಲಾನ್ ಎರಡು ಬೆರಳು ಉದ್ದವಾಗಿಯೇ ಉಳಿಯಿತು.

“ನೋಡಿದ್ಯಾ? ಇವನ ಮಾಲೇ ಇಷ್ಟು. ಇಡೀ ಲಾಟನ್ನ ವಾಪಸ್ ಕಳಿಸ್ತೀನಿ,” ಎಂದು ಅಲ್ಲೇ ಸಗಟು ವ್ಯಾಪಾರಿಗೆ ಫೋನ್ ಮಾಡಿ ಅವನ ಬೆವರಿಳಿಸಿದಳು. ಅವನು ಸಂಜೆ ಬಂದು ಒಯ್ಯುವುದಾಗಿ ಒಪ್ಪಿಕೊಂಡ. “ನೀನು ಹತ್ತೀದು ಹಾಕ್ಕೋ.”

ತಂಗಿ ಹತ್ತಿಯದನ್ನು ಹಾಕಿಕೊಂಡು ಬಂದಳು. ಟ್ರಯಲ್ ರೂಮಿನ ಮಂಕು ಬಲ್ಬನ್ನು ನಂಬದೆ ಬಾಗಿಲ ಬೆಳಕಿನಲ್ಲಿ, ಕನ್ನಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದಳು. ಕೂತಾಗ ಕಪ್ಪು ಬಣ್ಣ ಬೂದಿಗೆ ತಿರುಗಿ ತೊಡೆಯ ಮೇಲಿನ ಮಚ್ಚೆ ಇಣುಕಿತು. ಎದ್ದಾಗ ಮೊಣಕಾಲಲ್ಲಿ ಚೀಲ ಬಿದ್ದಿತ್ತು.

“ಅಕ್ಕಾ, ಇದರಲ್ಲಿ ಬೆವರಿದ್ರೆ ಆ ಗುರುತೂ ಎದ್ದು ಕಾಣತ್ತೆ. ಆ ನೈಲಾನನ್ನ ಎಷ್ಟು ದಿನದಿಂದ ಎಳೀತಿದ್ದೀಯ?”

“ಅದು ಬಂದಾಗಿನಿಂದ. ಬಂದವರೆಲ್ಲ ಅದನ್ನೇ ಎಳೆಯೋದು, ಅದೇ ಚೆನ್ನಾಗಿದೆ ಅಂತ. ಸುಕ್ಕಾದಾಗ ನಾನು ಇಸ್ತ್ರಿ...” ಎಂದವಳು ಅರ್ಧಕ್ಕೇ ನಿಂತಳು. ಲೈಕ್ರಾಗೆ ಬಿಸಿ ಆಗದು ಎಂದು ಗಿರಾಕಿಗಳಿಗೆ ದಿನಾ ಪಾಠ ಹೇಳುವವಳೂ ಅವಳೇ.

ಬೀರುವಿನಿಂದ ನೈಲಾನಿನ ಹೊಸ ಪ್ಯಾಕೆಟ್ ತೆಗೆದು ಬಿಚ್ಚಿದಳು. ಮುಷ್ಟಿ ತೂರಿಸಿ ಬೆಳಕಿಗೆ ಹಿಡಿದರೆ ಉಂಗುರದ ಸುಳಿವಿಲ್ಲ. ಎಳೆದು ಬಿಟ್ಟರೆ ಗೆರೆಗಳು ಸರಿಯಾಗಿ ಒಂದು ಗೇಣಿಗೆ ಬಂದು ಕೂತವು. ಇಷ್ಟು ವರ್ಷ ಎಷ್ಟು ಒಳ್ಳೆಯ ಬಟ್ಟೆಗಳನ್ನು ಹೀಗೆ ಜನರ ಕೈಗೆ ಕೊಟ್ಟು ಸಾಯಿಸಿ, ಸತ್ತದ್ದಕ್ಕೆ ಅವುಗಳನ್ನೇ ಬೈದು ವಾಪಸ್ ಕಳಿಸಿದ್ದಳೋ ಯಾರಿಗೆ ಗೊತ್ತು.

ತಂಗಿ ನಗು ತಡೆಯಲಾರದೆ ಕೌಂಟರಿನ ಮೇಲಿದ್ದ ಅಳತೆ ಟೇಪಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಸಗಟು ವ್ಯಾಪಾರಿ ಸಂಜೆಗೂ ಕಾಯದೆ ಬಂದೇಬಿಟ್ಟ. ಅಕ್ಕ ಗಂಭೀರವಾಗಿ ಹೇಳಿದಳು, “ಹೋಗಲಿ ಬಿಡಿ, ಈ ಸಲ ಮಾಫಿ ಮಾಡಿದ್ದೀನಿ. ಮಾಲು ಇಲ್ಲೇ ಇರಲಿ.” ಪಾಪ, ಅವನು ಕೈ ಮುಗಿದು ಹೋದ.

“ನಾಳೆ ನೀನೂ ಬಾ,” ಎಂದಳು ತಂಗಿ, ಹೊಸ ನೈಲಾನನ್ನು ಚೀಲಕ್ಕೆ ಹಾಕಿಕೊಳ್ಳುತ್ತ. “ಬಂದು ಎಲ್ಲರ ಜೊತೆ ಬಗ್ಗಬೇಕು. ಸುಮ್ಮನೆ ಕೂತು ನೋಡೋದಲ್ಲ.”

ಕರೆದಳಲ್ಲ, ಅಷ್ಟೇ ಸಾಕಾಗಿತ್ತು ಅಕ್ಕನಿಗೆ. ಆದರೆ ಮಾರುವ ಮಾಲನ್ನು ತಾನೇ ಹಾಕಿಕೊಳ್ಳಲು ಅಂಗಡಿಯವಳಿಗೆ ಕೈ ಬರಬೇಕಲ್ಲ! ಕೌಂಟರಿನ ಮೇಲಿನ ಹಳೆಯ ನೈಲಾನ್ ಸ್ಯಾಂಪಲ್ ಹೇಗೂ ಇನ್ನು ಕೆಲಸಕ್ಕೆ ಬಾರದ್ದು; ಎಸೆಯಲು ಮನಸ್ಸಿಲ್ಲ. ಮರುದಿನ ಬೆಳಿಗ್ಗೆ ಅದನ್ನೇ ಏರಿಸಿಕೊಂಡು, ಮೇಲೊಂದು ಉದ್ದನೆಯ ಅಂಗಿ ತೊಟ್ಟು ಹೊರಟಳು. ಮುಷ್ಟಿ ತೂರಿಸಿ ನೋಡಲಿಲ್ಲ. ತನ್ನದೇ ಬಟ್ಟೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಸಭಾಂಗಣ ತುಂಬಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಸುರಿಯುತ್ತಿತ್ತು. ವೇದಿಕೆಯ ಮೇಲೆ ತಂಗಿ ಜನರಿಗೆ ಬೆನ್ನು ಹಾಕಿ ನಿಧಾನವಾಗಿ ಬಗ್ಗಿದಳು. ಕಪ್ಪು ಕಪ್ಪಾಗಿಯೇ ಇತ್ತು. ಮೊದಲ ಸಾಲಿನಲ್ಲಿದ್ದ ಅಕ್ಕನ ಕಣ್ಣು ತುಂಬಿ ಬಂತು. ಹೆಮ್ಮೆಯಿಂದಲೇ ತಾನೂ ಬಗ್ಗಿದಳು. ಉದ್ದನೆಯ ಅಂಗಿ ಬೆನ್ನಿನ ಮೇಲಿಂದ ಜಾರಿ ತಲೆಯ ಕಡೆಗೆ ಹೋಯಿತು. ಎಳೆತಕ್ಕೆ ಸವೆದ ಕಪ್ಪು ಬಿಸಿಲಿನಲ್ಲಿ ಬೂದಿಗೆ ತಿರುಗಿತು.

ಹಿಂದಿನ ಸಾಲುಗಳು ಕಿಸಕ್ಕೆಂದವು. ಯಾರೋ ಪಿಸುಗುಟ್ಟಿದರು, “ಎಳೆಯೋ ಅಕ್ಕ ಇವತ್ತು ಎಳೆದು ನೋಡೋದು ಮರೆತರು ಅನ್ಸತ್ತೆ.”

ಅಕ್ಕ ಬಗ್ಗಿದಲ್ಲೇ ಕಲ್ಲಾದಳು. ಎದ್ದರೆ ಮುಖ ತೋರಿಸಬೇಕು, ಏಳದಿದ್ದರೆ ಉಳಿದದ್ದು. ಹೋದ ವರ್ಷ ತಂಗಿಯೂ ಹೀಗೆಯೇ ನಿಂತಿದ್ದಳೆಂಬುದು ಅವಳಿಗೆ ಆಗ ಹೊಳೆಯಿತು. ಅದನ್ನು ತಾನು ಎಷ್ಟು ಬಾಯಿ ಚಪ್ಪರಿಸಿ ಹೇಳಿದ್ದಳೆಂಬುದೂ. ನಾಚಿಕೆಗಿಂತ ಆ ನೆನಪೇ ಹೆಚ್ಚು ಸುಟ್ಟಿತು.

ವೇದಿಕೆಯಿಂದ ಯಾರೋ ಇಳಿದು ಬಂದ ಸದ್ದಾಯಿತು. ಬೆವರು ಒರೆಸಿಕೊಳ್ಳುವ ಟವೆಲ್ಲೊಂದು ಅವಳ ಸೊಂಟವನ್ನು ಸುತ್ತಿತು. ತಂಗಿ ಅದರ ತುದಿಗಳನ್ನು ಎಳೆದು ಗಂಟು ಹಾಕಿದಳು. ಅಕ್ಕ ಕಿವಿ ನಿಮಿರಿಸಿ ಕಾದಳು. ನನ್ನ ಅಂಗಡಿ ಇರೋವಾಗ... ಎಂಬಂಥದ್ದೇನೋ ಈಗ ಬರುತ್ತದೆ. ಬರಲೂ ಬೇಕು.

“ಎಲ್ಲರೂ ಎಡಗಾಲು ಮುಂದೆ,” ಎಂದಳು ತಂಗಿ ಗಟ್ಟಿಯಾಗಿ, ಮತ್ತೆ ವೇದಿಕೆಯ ಕಡೆ ನಡೆಯುತ್ತ.