ನಾಲಿಗೆಯ ಅಂಚು

ಹಳೇ ಬನಿಯನ್ ಬಟ್ಟೆಯಿಂದ ನಾನು ನಮ್ಮ ಅಂಗಡಿಯ ಷೂಗಳ ಧೂಳು ಒರೆಸುತ್ತಿದ್ದೆ. ಪಕ್ಕದಲ್ಲಿ ಅಕ್ಕ ಲೇಸು ಪೋಣಿಸುತ್ತಿದ್ದಳು. ಭಾವ ಹೋಲ್‌ಸೇಲಿನವರ ಜೊತೆ ಫೋನಿನಲ್ಲಿದ್ದರು.

"ಅರವತ್ತು ಜೊತೆನೂ ನಮಗೇ ಇರ್ಲಿ. ಹನ್ನೆರಡಕ್ಕೆ ಖಾತ್ರಿ ಹೇಳ್ತೀನಿ. ನಮ್ಮ ದುರ್ಬೀನು ನಿನ್ನೆನೇ ನೋಡಿದೆ, ಅಪ್ಪಟ ಚರ್ಮ."

ದುರ್ಬೀನು ಅಂದರೆ ನಾನು. ಹೋಲ್‌ಸೇಲಿನವರು ಕಳಿಸುವ ಫೋಟೊಗಳನ್ನು ದೊಡ್ಡದು ಮಾಡಿ ನೋಡುವುದು ನನ್ನ ಕೆಲಸ. ನಿನ್ನೆ ಒಳಗಿನ ಲೈನಿಂಗಿನಲ್ಲಿ ಮೂರು ಮೂರರ ಗುಂಪಾಗಿ ಸೂಜಿಮೊನೆಯಂಥ ತೂತುಗಳು ಕಂಡವು. ಹಂದಿ ಚರ್ಮಕ್ಕೆ ಹಾಗೇ ಇರುತ್ತದೆ. ಆ ಖುಷಿಯಲ್ಲಿ "ಚರ್ಮವೇ ಭಾವ" ಎಂದುಬಿಟ್ಟೆ.

ಭಾವ ಫೋನಿಟ್ಟಾಗ ಹನ್ನೊಂದೂಮುಕ್ಕಾಲು. ಬಟ್ಟೆ ಹಿಡಿದ ಕೈ ನಿಂತುಹೋಯಿತು. ಒಳಗೆ ಚರ್ಮವಿದ್ದರೆ ಮೇಲೂ ಚರ್ಮವೆಂದು ಯಾರು ಹೇಳಿದರು?

ಫೋಟೊ ಮತ್ತೆ ತೆಗೆದೆ. ಎಡಗಾಲಿನ ಷೂವಿನ ಮೂತಿಯ ಮೇಲೆ ಒಂದು ಸಣ್ಣ ಗೆರೆ, ಅದರ ಪಕ್ಕ ಎರಡು ಚುಕ್ಕಿ. ಬಲಗಾಲಿನಲ್ಲೂ ಅದೇ ಗೆರೆ, ಅದೇ ಚುಕ್ಕಿ, ಅದೇ ಜಾಗದಲ್ಲಿ. ಎರಡು ತುಂಡು ಚರ್ಮಕ್ಕೆ ಒಂದೇ ಕಲೆ ಇರುವುದುಂಟೇ?

"ಭಾವ... ಹೇಳ್ಬೇಡಿ ಇನ್ನೂ."

"ಏನಮ್ಮಾ, ನಿನ್ನೆ ಚರ್ಮ ಇವತ್ತು ಹಲಸಿನ ಸಿಪ್ಪೆ ಆಯ್ತಾ?"

ಅಕ್ಕ ನಕ್ಕಳು. ನಾನು ಫೋನು ಅವರ ಮುಂದೆ ಹಿಡಿದೆ. ಭಾವ ಕನ್ನಡಕ ಹಣೆಗೇರಿಸಿ ನೋಡಿದರು.

"ಒಂದೇ ಅಚ್ಚು, ಸರಿ. ಆದ್ರೆ ಕಲೆಯಿರೋ ಚರ್ಮವನ್ನೂ ಉಜ್ಜಿ ಅಚ್ಚು ಒತ್ತುತ್ತಾರೆ. ಇಷ್ಟಕ್ಕೇ ರೆಕ್ಸಿನ್ ಅನ್ನೋಕಾಗುತ್ತಾ?"

"ಇಲ್ಲ. ಅದಕ್ಕೇ ಕತ್ತರಿಸಿದ ಅಂಚು ನೋಡ್ಬೇಕು."

ಅಂಚೆಲ್ಲ ಮಡಚಿ ಹೊಲಿದಿದ್ದರು. ಲೇಸಿನ ಕೆಳಗಿನ ನಾಲಿಗೆಯಲ್ಲಿ ಮಾತ್ರ ಕತ್ತರಿ ಬಿದ್ದ ಅಂಚು ಹಾಗೇ ಇತ್ತು. ಚರ್ಮವಾದರೆ ಅಲ್ಲಿ ಜಡೆಗಟ್ಟಿದ ನಾರು ಕಾಣಬೇಕು. ರೆಕ್ಸಿನ್ನಾದರೆ ತೆಳು ಪ್ಲಾಸ್ಟಿಕ್, ಅದರಡಿ ಬಟ್ಟೆ. ಫೋಟೊದಲ್ಲಿ ಕಂಡದ್ದು ಒಂದು ಬಿಳಿ ಗೆರೆ. ಹೊಲಿಗೆಯ ದಾರವೋ, ಬಟ್ಟೆಯೋ? ದೊಡ್ಡದು ಮಾಡಿದಷ್ಟೂ ಮಸುಕಾಯಿತು.

"ಹೋದ ಸಲ ನಮ್ಮಲ್ಲಿ ಷೂ ಕೊಂಡ ಆ ಮೇಷ್ಟ್ರು ಅಂಗಡಿ ಮುಂದೆ ನಿಂತು ಅದರ ಮೇಲಿನ ಸಿಪ್ಪೆ ಸುಲಿದು ತೋರಿಸಿದ್ರಲ್ಲ," ಎಂದಳು ಅಕ್ಕ, ಈಗ ನಗದೆ. "ಇನ್ನೊಂದ್ಸಲ ಹಾಗಾದ್ರೆ 'ಚರ್ಮ' ಅಂತ ಬರೆದ ಬೋರ್ಡು ಇಳಿಸ್ಬೇಕಾಗುತ್ತೆ."

"ತಡ ಮಾಡಿದ್ರೆ ಬೇರೆಯವರು ಎತ್ಕೊಂಡು ಹೋಗ್ತಾರೆ," ಎಂದ ಭಾವ ನನ್ನನ್ನೇ ನೋಡಿದರು. "ನಿನ್ನೆ ಹೇಳಿದವಳು ನೀನು. ಇವತ್ತು ಅವರನ್ನ ನೀನೇ ಕೇಳು."

ಪರಿಚಯವಿಲ್ಲದವರ ಜೊತೆ ನಾನು ಮಾತಾಡುವವಳಲ್ಲ. ಆದರೂ ಹೋಲ್‌ಸೇಲಿನವರ ನಂಬರು ಒತ್ತಿದೆ. ಆ ಕಡೆ ಎತ್ತಿದರು. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಅಣ್ಣಾ, ಲೈನಿಂಗ್ ಚೆನ್ನಾಗಿದೆ. ಮೇಲಿನದ್ದು ನೋಡ್ಬೇಕಿತ್ತು."

ಮೆಷಿನ್ನು ನಿಂತಿತು.

"ನಾಲಿಗೆಯ ಅಂಚನ್ನು ಒಂಚೂರು ಕತ್ತರಿಸಿ, ಹತ್ತಿರದಿಂದ ಒಂದು ಫೋಟೊ ಕಳಿಸ್ತೀರಾ?"